ತಂಡಪ್ಪೇರಿನಿಂದ ಕಾಣೆಯಾಗುವ ಹೆಣ್ಣುಮಕ್ಕಳು

ಕೇರಳದಲ್ಲಿ ಒಂದಿಷ್ಟು ಭೂಮಿಯನ್ನೋ ಮನೆಯನ್ನೋ ಉಳಿಸಿಕೊಂಡು ಬೆಂಗಳೂರು, ಮುಂಬಯಿ, ದುಬೈಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಹಿರಿಯರು ತೀರಿಕೊಂಡ ಬಳಿಕ ಅಲ್ಲಿನ ಕಂದಾಯ ಕಚೇರಿಗೆ ಒಂದು ಅರ್ಜಿ ಬರೆಯುತ್ತವೆ. ಅರ್ಜಿಯ ವಿಷಯದ ಸಾಲಿನಲ್ಲಿ ‘ಮಾಲೀಕರ ಹೆಸರಿನ ತಿದ್ದುಪಡಿ’ ಎಂದಿರುತ್ತದೆ. ತಂದೆಯ ಹೆಸರನ್ನು ತೆಗೆದು ಮಗನ ಹೆಸರನ್ನು ಸೇರಿಸಬೇಕೆಂಬುದು ಕೋರಿಕೆ. ತಾಯಿಯ ಹೆಸರಾಗಲಿ ಹೆಣ್ಣುಮಕ್ಕಳ ಹೆಸರಾಗಲಿ ಅದರಲ್ಲಿ ಇರುವುದಿಲ್ಲ. ಕಾಗುಣಿತದ ತಪ್ಪನ್ನು ಸರಿಪಡಿಸಲು ಇರುವ ಒಂದು ಪದ ಹೀಗೆ ವಾರಸುದಾರರನ್ನು ಅಳಿಸುವ ಕೆಲಸಕ್ಕೆ ಬಳಕೆಯಾಗುತ್ತಿದೆ. ಇದನ್ನು ತಿದ್ದುಪಡಿಯೆಂದು ಕರೆಯುವುದನ್ನು ಸಮಾಜ ನಿಲ್ಲಿಸಬೇಕು.

ಕೇರಳದ ದಾಖಲೆಯ ಸ್ವರೂಪ ಕರ್ನಾಟಕದ ಪಹಣಿಗಿಂತ ತುಸು ಬೇರೆ. ಅಲ್ಲಿ ಪ್ರತಿಯೊಂದು ವಿಲೇಜ್ ಆಫೀಸಿನಲ್ಲಿ ಎರಡು ಮುಖ್ಯ ಪುಸ್ತಕಗಳಿವೆ. ಒಂದು, ಸರ್ವೆ ನಂಬರಿನ ಕ್ರಮದಲ್ಲಿ ಭೂಮಿಯನ್ನು ವಿವರಿಸುವ ಮೂಲ ತೆರಿಗೆ ರಿಜಿಸ್ಟರು. ಇನ್ನೊಂದು, ಮಾಲೀಕನ ಹೆಸರಿನ ಕ್ರಮದಲ್ಲಿ ಅವನ ಆ ಗ್ರಾಮದ ಭೂಮಿಯನ್ನೆಲ್ಲ ಒಂದೇ ಖಾತೆಯಲ್ಲಿ ತೋರಿಸುವ ತಂಡಪ್ಪೇರು. ಕಂದಾಯದ ರಸೀದಿ ತಂಡಪ್ಪೇರಿನ ಸಂಖ್ಯೆಯ ಮೇಲೆಯೇ ಹೊರಡುತ್ತದೆ. ಒಬ್ಬರ ತಂಡಪ್ಪೇರಿನಿಂದ ಇನ್ನೊಬ್ಬರದಕ್ಕೆ ಭೂಮಿ ದಾಟುವ ಕ್ರಿಯೆಗೆ ‘ಪೋಕ್ಕುವರವು’ ಎಂದು ಹೆಸರು. ಹೋಗು ಮತ್ತು ಬರುವು ಎಂಬುದು ಅದರ ಅರ್ಥ. 1966ರ ಕೇರಳ ಟ್ರಾನ್ಸ್‌ಫರ್ ಆಫ್ ರಿಜಿಸ್ಟ್ರಿ ನಿಯಮಗಳು ಇದನ್ನು ನಿಯಂತ್ರಿಸುತ್ತವೆ. ಮಾಲೀಕರು ತಾವಾಗಿ ಮಾಡಿದ ಕ್ರಯ, ದಾನಗಳಿಂದ ಆಗುವ ವರ್ಗಾವಣೆ, ನ್ಯಾಯಾಲಯದ ತೀರ್ಪು ಅಥವಾ ಹರಾಜಿನಿಂದ ಆಗುವುದು, ವಾರಸಿನಿಂದ ಆಗುವುದು ಎಂದು ಅದರಲ್ಲಿ ಮೂರು ಬಗೆ. ಹೆಸರಿನ ಅಕ್ಷರದ ದೋಷ ಈ ಮೂರರಲ್ಲಿ ಯಾವುದಕ್ಕೂ ಸೇರಿದ್ದಲ್ಲ. ಎಲ್ಲ ಗೊಂದಲವೂ ಇಲ್ಲಿಂದಲೇ ಆರಂಭವಾಗುತ್ತದೆ.

ವಿಷಯ ಸ್ಪಷ್ಟವಾಗಲೆಂದು ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಕಾರ್ಕಳ ಕಡೆಯಿಂದ ಬಂದ ಬ್ಯಾಂಕ್ ಅಧಿಕಾರಿಯೊಬ್ಬರು ನೌಕರಿಯ ಕಾಲದಲ್ಲಿ ಕೊಚ್ಚಿಯ ಕಣಯನ್ನೂರು ತಾಲ್ಲೂಕಿನಲ್ಲಿ 1986ರಲ್ಲಿ 10 ಸೆಂಟ್ಸ್ ನಿವೇಶನ ಕೊಂಡರು. ಮುಂದೆ ವರ್ಗಾವಣೆಯಾದಾಗ ತಿರುವನಂತಪುರದಲ್ಲಿ 5 ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿಸಿದರು. ಎರಡೂ ಅವರ ಸ್ವಂತ ಸಂಪಾದನೆ. ಉಯಿಲು ಬರೆಯದೆ ತೀರಿಕೊಂಡರು. ಅವರ ತಾಯಿ ಮೊದಲೇ ಗತಿಸಿದ್ದರು. ಈಗ ಉಳಿದವರು ಪತ್ನಿ, ಇಬ್ಬರು ಗಂಡುಮಕ್ಕಳು, ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು.

ಕೊಚ್ಚಿಯ ನಿವೇಶನದಲ್ಲಿ ಎರಡು ಕೆಲಸಗಳು ಒಂದರ ಮೇಲೊಂದು ಕುಳಿತಿವೆ. ಕ್ರಯಪತ್ರದಲ್ಲಿ ಕೊಂಡವರ ಹೆಸರು ‘ಪದ್ಮರಾಜ’. ಮಲಯಾಳದ ರೂಢಿಯಂತೆ ಗುಮಾಸ್ತರು ತಂಡಪ್ಪೇರಿನಲ್ಲಿ ‘ಪದ್ಮರಾಜನ್’ ಎಂದು ಬರೆದರು. ಜೈನರು ಹೆಸರಿನ ಕೊನೆಗೆ ಜೈನ್ ಎಂದು ಸೇರಿಸಿಕೊಳ್ಳಬೇಕೆಂಬ ಪ್ರಚಾರ ಸಮಾಜದಲ್ಲಿ ನಡೆದಾಗ ಅವರು ಆಧಾರ್‌ನಲ್ಲಿ ‘ಪದ್ಮರಾಜ ಜೈನ್’ ಆದರು. ಮರಣ ಪ್ರಮಾಣಪತ್ರವೂ ಹಾಗೆಯೇ ಬಂತು. ವಿಲೇಜ್ ಆಫೀಸರರ ಮುಂದೆ ಈಗ ಮೂರು ಹೆಸರುಗಳಿವೆ. ತೀರಿಕೊಂಡವರು ಈ ಭೂಮಿಯ ಮಾಲೀಕರೇ ಎಂಬುದನ್ನು ಒಪ್ಪದೆ ಅವರು ವಾರಸಿನ ಅರ್ಜಿಯನ್ನು ಮುಂದಕ್ಕೆ ಕಳುಹಿಸಲಾರರು. ಅದನ್ನು ಕಿರುಕುಳವೆಂದು ದೂರುವುದು ತಪ್ಪು. ಅಂಥ ಪ್ರಶ್ನೆಯನ್ನೇ ಕೇಳದ ಅಧಿಕಾರಿ ನಾಳೆ ಬೇರೊಬ್ಬ ಪದ್ಮರಾಜನ ಮಕ್ಕಳಿಗೂ ಅದೇ ಭೂಮಿಯನ್ನು ಬರೆದುಕೊಡಬಲ್ಲರು.

ಇಲ್ಲಿ ಮೊದಲು ಮಾಡಬೇಕಾದ ಕೆಲಸ ತಪ್ಪು ಯಾವ ಹಂತದಲ್ಲಿ ನುಸುಳಿತೆಂದು ಹುಡುಕುವುದು. ನೋಂದಣಿ ಕಚೇರಿಯಿಂದ ಕ್ರಯಪತ್ರದ ದೃಢೀಕೃತ ಪ್ರತಿಯನ್ನು ತೆಗೆಸಿ, ಅದನ್ನು ತಂಡಪ್ಪೇರಿನ ಪ್ರತಿಯೊಂದಿಗೂ ಹಳೆಯ ಕಂದಾಯ ರಸೀದಿಗಳೊಂದಿಗೂ ಹೋಲಿಸಬೇಕು. ಪತ್ರ ಸರಿಯಿದ್ದು ತಂಡಪ್ಪೇರು ತಪ್ಪಿದ್ದರೆ ಅದು ಕಚೇರಿಯ ಬರವಣಿಗೆಯ ದೋಷ. ವಿಲೇಜ್ ಆಫೀಸರರ ವರದಿಯ ಮೇಲೆ ತಹಶೀಲ್ದಾರರು ಅದನ್ನು ಸರಿಪಡಿಸುತ್ತಾರೆ. ಹೊಸ ಪತ್ರ ಬೇಡ, ಮುದ್ರಾಂಕ ಶುಲ್ಕವೂ ಬೇಡ. ಪತ್ರದಲ್ಲಿಯೇ ಹೆಸರು ತಪ್ಪಾಗಿದ್ದರೆ ಕಂದಾಯ ಕಚೇರಿ ಏನೂ ಮಾಡಲಾರದು. ಮಾರಿದವರೋ ಅವರ ವಾರಸುದಾರರೋ ಬಂದು ತಿದ್ದುಪಡಿ ಪತ್ರವನ್ನು ನೋಂದಾಯಿಸಿಕೊಡಬೇಕು. ಅವರು ಒಪ್ಪದಿದ್ದರೆ 1963ರ ನಿರ್ದಿಷ್ಟ ಪರಿಹಾರ ಕಾಯಿದೆಯ 26ನೆಯ ಕಲಮಿನಡಿ ಸಿವಿಲ್ ದಾವೆ ಹೂಡಬೇಕು. ಪತ್ರವೂ ತಂಡಪ್ಪೇರೂ ಹೊಂದಿ, ಆಧಾರ್ ಮಾತ್ರ ಬೇರೆಯಾಗಿದ್ದರೆ ಭೂದಾಖಲೆಯನ್ನು ಮುಟ್ಟುವ ಅಗತ್ಯವೇ ಇಲ್ಲ. ಎರಡೂ ಹೆಸರಿನವರು ಒಬ್ಬರೇ ಎಂದು ಹೇಳುವ ‘ವನ್ ಅಂಡ್ ಸೇಮ್’ ಪ್ರಮಾಣಪತ್ರವನ್ನು ಕೇರಳದ ಕಂದಾಯ ಇಲಾಖೆ ಕೊಡುತ್ತದೆ. ಅಕ್ಷಯ ಕೇಂದ್ರದ ಮೂಲಕ ಅದಕ್ಕೆ ಅರ್ಜಿ ಸಲ್ಲಿಸಬಹುದು.

ಕಲ್ಪಿಸಿದ ಕುಟುಂಬಕ್ಕೆ ಮೊದಲನೆಯದೂ ಮೂರನೆಯದೂ ಬೇಕು. ‘ಪದ್ಮರಾಜನ್’ ಎಂಬುದನ್ನು ಪತ್ರದಂತೆ ‘ಪದ್ಮರಾಜ’ ಎಂದು ತಿದ್ದಿಸಬೇಕು. ಪದ್ಮರಾಜನೂ ಪದ್ಮರಾಜ ಜೈನನೂ ಒಬ್ಬರೆಂದು ಪ್ರಮಾಣಪತ್ರ ಪಡೆಯಬೇಕು. ಹೆಸರಿನ ತಿದ್ದುಪಡಿ ಎಂಬ ಮಾತಿಗೆ ಇಷ್ಟೇ ವ್ಯಾಪ್ತಿ. ಇದು ಮುಗಿದಾಗ ದಾಖಲೆಯಲ್ಲಿ ಇರಬೇಕಾದದ್ದು ತೀರಿಕೊಂಡ ತಂದೆಯ ಸರಿಯಾದ ಹೆಸರು, ಮಗನ ಹೆಸರಲ್ಲ.

ತಿರುವನಂತಪುರದ ಮನೆಯಲ್ಲಿ ಅಕ್ಷರದ ತೊಡಕಿಲ್ಲ. ಅಲ್ಲಿ ಉಳಿದಿರುವುದು ವಾರಸಿನ ಪ್ರಶ್ನೆಯೊಂದೇ. ಜೈನರಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಅನ್ವಯಿಸುತ್ತದೆ. ಕಾಯಿದೆಯ 2ನೆಯ ಕಲಮು ಜೈನರನ್ನು ಹೆಸರಿಸಿಯೇ ಹೇಳುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತರೆಂದು ಅಧಿಸೂಚಿಸಿದ ಮೇಲೆ ಹಿಂದೂ ಉತ್ತರಾಧಿಕಾರ ತಮಗೆ ತಗಲುವುದಿಲ್ಲವೆಂದು ವಾದಿಸುವವರು ಹುಟ್ಟಿಕೊಂಡಿದ್ದಾರೆ. ಆ ಅಧಿಸೂಚನೆ ವಾರಸಿನ ಕಾನೂನಿನ ಒಂದಕ್ಷರವನ್ನೂ ಬದಲಿಸಲಿಲ್ಲ. ಉಯಿಲಿಲ್ಲದೆ ತೀರಿಕೊಂಡ ಪುರುಷನ ಸ್ವಯಾರ್ಜಿತ ಆಸ್ತಿ ಮೊದಲನೆಯ ವರ್ಗದ ವಾರಸುದಾರರಿಗೆ ಏಕಕಾಲದಲ್ಲಿ ಸಲ್ಲುತ್ತದೆ. ಪತ್ನಿಗೆ ಒಂದು ಪಾಲು, ಪ್ರತಿಯೊಬ್ಬ ಮಗನಿಗೆ ಒಂದು, ಪ್ರತಿಯೊಬ್ಬ ಮಗಳಿಗೆ ಒಂದು. ಈ ಕುಟುಂಬದಲ್ಲಿ ಒಟ್ಟು ಐದು ಪಾಲು. ಕೊಚ್ಚಿಯ ನಿವೇಶನದಲ್ಲಿ ಪ್ರತಿಯೊಬ್ಬರಿಗೂ 2 ಸೆಂಟ್ಸಿನಷ್ಟು, ತಿರುವನಂತಪುರದ ಜಾಗದಲ್ಲಿ 1 ಸೆಂಟಿನಷ್ಟು ಹಕ್ಕು. ಮಗಳೊಬ್ಬಳು ತಂದೆಗಿಂತ ಮೊದಲೇ ತೀರಿಕೊಂಡಿದ್ದರೆ ಅವಳ ಪಾಲು ಅವಳ ಮಕ್ಕಳಿಗೆ ಹೋಗುತ್ತಿತ್ತು. ವಾಸದ ಮನೆಯನ್ನು ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಿಭಾಗ ಕೇಳುವಂತಿಲ್ಲ ಎಂಬ ಹಳೆಯ ತಡೆಯೊಂದಿತ್ತು. 2005ರ ತಿದ್ದುಪಡಿ ಆ 23ನೆಯ ಕಲಮನ್ನೇ ಕಿತ್ತುಹಾಕಿತು.

ಕ್ರಮ ಹೀಗಿದೆ. ಮರಣ ಪ್ರಮಾಣಪತ್ರದೊಂದಿಗೆ ತಾಲೂಕು ಕಚೇರಿಯಲ್ಲಿ ವಾರಸುದಾರರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ವಿಲೇಜ್ ಆಫೀಸರರು ಸ್ಥಳೀಯ ವಿಚಾರಣೆ ನಡೆಸುತ್ತಾರೆ, ಆಕ್ಷೇಪಣೆಗಳನ್ನು ಆಹ್ವಾನಿಸಲಾಗುತ್ತದೆ, ಬಳಿಕ ತಹಶೀಲ್ದಾರರು ಪ್ರಮಾಣಪತ್ರ ಕೊಡುತ್ತಾರೆ. ಅದನ್ನು, ಮೂಲಪತ್ರವನ್ನು, ಚಾಲ್ತಿ ಕಂದಾಯ ರಸೀದಿಯನ್ನು ಲಗತ್ತಿಸಿ ವಾರಸಿನ ಪೋಕ್ಕುವರವಿಗೆ ಅರ್ಜಿ ಸಲ್ಲಿಸಿದರೆ ಐವರ ಹೆಸರೂ ಕೂಡುತಂಡಪ್ಪೇರಿನಲ್ಲಿ ಸೇರುತ್ತವೆ. ಭೂಮಿಯನ್ನು ಅಳೆದು ತುಂಡರಿಸಬೇಕಿಲ್ಲ. ವಿಭಾಗಪತ್ರ ಆದ ಮೇಲಷ್ಟೇ ಅದರ ಪ್ರಶ್ನೆ. ಕಂದಾಯವನ್ನು ಐವರಲ್ಲಿ ಯಾರು ಕಟ್ಟಿದರೂ ನಡೆಯುತ್ತದೆ. ತಹಶೀಲ್ದಾರರ ಆದೇಶ ಒಪ್ಪಿಗೆಯಾಗದಿದ್ದರೆ ಕಂದಾಯ ವಿಭಾಗಾಧಿಕಾರಿಯ ಬಳಿ ಮೇಲ್ಮನವಿ ಇದೆ. ಕಣಯನ್ನೂರಿಗೆ ಅದು ಫೋರ್ಟ್ ಕೊಚ್ಚಿಯ ಕಚೇರಿ.

ಹೆಣ್ಣುಮಕ್ಕಳು ಕಾಣೆಯಾಗುವುದು ಈ ಮೆಟ್ಟಿಲುಗಳ ನಡುವೆ. ಊರಿನಲ್ಲಿ ಉಳಿದ ಅಥವಾ ಓಡಾಡಲು ಬಿಡುವಿರುವ ಮಗ ಅರ್ಜಿ ಬರೆಯುತ್ತಾನೆ. ವಾರಸುದಾರರ ಪಟ್ಟಿಯಲ್ಲಿ ತಾಯಿಯನ್ನೂ ತಮ್ಮನನ್ನೂ ತೋರಿಸಿ ನಿಲ್ಲಿಸುತ್ತಾನೆ. ಸ್ಥಳೀಯ ವಿಚಾರಣೆಯಲ್ಲಿ ನೆರೆಹೊರೆಯವರು ಕಂಡಿರುವುದು ಆ ಮನೆಯಲ್ಲಿ ವಾಸವಿರುವವರನ್ನೇ. ಮೂಡುಬಿದಿರೆಗೋ ಮಸ್ಕತ್ತಿಗೋ ಮದುವೆಯಾಗಿ ಹೋದ ಮಗಳನ್ನು ತಿರುವನಂತಪುರದ ನೆರೆಯವರು ಬಲ್ಲವರಲ್ಲ. ಆಕ್ಷೇಪಣೆಯ ನೋಟಿಸು ಅವಳ ಕಣ್ಣಿಗೆ ಬೀಳುವುದಿಲ್ಲ. ಅವಧಿ ಮುಗಿಯುತ್ತದೆ, ಯಾರೂ ಆಕ್ಷೇಪಿಸಲಿಲ್ಲ ಎಂದು ಕಡತ ಹೇಳುತ್ತದೆ. ಕಚೇರಿಯ ಮಟ್ಟಿಗೆ ಅದು ನಿಯಮಬದ್ಧ. ಅರ್ಜಿದಾರನ ಮಟ್ಟಿಗೆ ಅದು ಸರ್ಕಾರಕ್ಕೆ ಕೊಟ್ಟ ಸುಳ್ಳು ಹೇಳಿಕೆ.

ಇದನ್ನು ಸಮರ್ಥಿಸಿಕೊಳ್ಳಲು ಎರಡು ಮಾತುಗಳು ಸಿದ್ಧವಾಗಿರುತ್ತವೆ. ಅನುಕೂಲಕ್ಕಾಗಿ ಒಂದೇ ಹೆಸರು ಎನ್ನುವುದು ಮೊದಲನೆಯದು. ಅನುಕೂಲವೇ ಉದ್ದೇಶವಾದರೆ ಐವರ ಹೆಸರನ್ನೂ ಇಟ್ಟು ಒಬ್ಬರಿಗೆ ಮುಖ್ತ್ಯಾರ್ ನಾಮೆ ಬರೆದುಕೊಡಲು ಅಡ್ಡಿಯಿಲ್ಲ. ಕಂದಾಯ ಕಟ್ಟುವುದರಿಂದ ಹಿಡಿದು ಕಚೇರಿಗೆ ಹಾಜರಾಗುವವರೆಗೆ ಎಲ್ಲವೂ ಅದರಲ್ಲಿ ಸಾಧ್ಯ. ಕೊಟ್ಟ ಮುಖ್ತ್ಯಾರನ್ನು ರದ್ದುಮಾಡಬಹುದು. ದಾಖಲೆಯಿಂದ ಅಳಿಸಿದ ಹೆಸರನ್ನು ಮರಳಿ ಬರೆಸಲು ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗುತ್ತದೆ. ಯಾವುದು ಅನುಕೂಲ, ಯಾರಿಗೆ ಅನುಕೂಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಅವಳೇ ಬೇಡವೆಂದಿದ್ದಾಳೆ ಎನ್ನುವುದು ಎರಡನೆಯದು. ಮದುವೆಯ ಉಡುಗೊರೆಯನ್ನು ವಾರಸಿನ ಪಾಲಿನಿಂದ ಕಳೆಯುವ ಲೆಕ್ಕ ಕಾಯಿದೆಯಲ್ಲಿಲ್ಲ. ನಿಜವಾಗಿಯೂ ಬೇಡವೆಂದಿದ್ದರೆ ಅದಕ್ಕೆ ದಾರಿ ಇದೆ: ಹಕ್ಕು ಬಿಡುಗಡೆ ಪತ್ರ, ಕೇರಳದ ಮಾತಿನಲ್ಲಿ ಒಳಿಮುರಿ. ಸ್ಥಿರಾಸ್ತಿಯ ಹಕ್ಕನ್ನು ಬಿಡುವ ಪತ್ರ ನೋಂದಣಿಯಾಗಲೇಬೇಕು. ಬಿಳಿಯ ಹಾಳೆಯ ಮೇಲೆ ಬರೆಸಿಕೊಂಡ ಒಪ್ಪಿಗೆಯಿಂದ, ವಾಟ್ಸಾಪಿನಲ್ಲಿ ಬಂದ ‘ಆಗಲಿ ಅಣ್ಣಾ’ ಎಂಬ ಸಂದೇಶದಿಂದ ಅವಳ ಐದನೆಯ ಒಂದು ಪಾಲು ಅಣ್ಣನದಾಗುವುದಿಲ್ಲ. ನೋಂದಣಿ ಕಚೇರಿಯಲ್ಲಿ ಅವಳು ತಾನೇ ಕುಳಿತು, ತಾನು ಏನನ್ನು ಬಿಡುತ್ತಿದ್ದೇನೆ ಎಂಬುದನ್ನು ಓದಿ ಸಹಿ ಮಾಡಿದರೆ ಅದು ತ್ಯಾಗ. ಅವಳಿಗೆ ತಿಳಿಸದೆ ಮಾಡಿದ್ದಕ್ಕೆ ಆ ಹೆಸರು ಸಲ್ಲದು.

ಹೀಗೆ ಪಡೆದ ಏಕನಾಮದ ತಂಡಪ್ಪೇರು ಮಗನಿಗಾದರೂ ಭದ್ರವೇ? 1966ರ ನಿಯಮಗಳ 16ನೆಯ ನಿಯಮ ಅದಕ್ಕೆ ಉತ್ತರ ಕೊಡುತ್ತದೆ. ಪೋಕ್ಕುವರವಿನ ಸಂಕ್ಷಿಪ್ತ ವಿಚಾರಣೆ ಕಂದಾಯ ವಸೂಲಿಗಾಗಿ ಮಾಡಿಕೊಂಡ ಏರ್ಪಾಡು ಮಾತ್ರ. ಯಾರ ಕಾನೂನುಬದ್ಧ ಹಕ್ಕಿಗೂ ಅದರಿಂದ ಬಾಧೆಯಿಲ್ಲ. ಹಕ್ಕಿನ ತೀರ್ಮಾನ ಸಿವಿಲ್ ನ್ಯಾಯಾಲಯದ್ದು ಎಂಬುದು ಅದರ ಸಾರ. ಸುಪ್ರೀಂ ಕೋರ್ಟು 1996ರ ಸ್ವರ್ಣಿ ಪ್ರಕರಣದಲ್ಲಿಯೂ 2021ರ ಜಿತೇಂದ್ರ ಸಿಂಗ್ ಪ್ರಕರಣದಲ್ಲಿಯೂ ಇದನ್ನೇ ಹೇಳಿದೆ: ಕಂದಾಯ ದಾಖಲೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದೂ ಇಲ್ಲ, ಅಳಿಯುವುದೂ ಇಲ್ಲ. ಆದುದರಿಂದ ಅಕ್ಕತಂಗಿಯರ ಪಾಲು ಅಳಿಸಿಹೋಗಿಲ್ಲ, ಕಣ್ಣಿಗೆ ಕಾಣದಂತಾಗಿದೆ. ಕಾಣದ ಹಕ್ಕು ಮಾರಾಟದ ದಿನ ಎದ್ದುಬರುತ್ತದೆ. ಕೊಳ್ಳುವವನ ವಕೀಲನೋ ಸಾಲ ಕೊಡುವ ಬ್ಯಾಂಕೋ ವಂಶವೃಕ್ಷ ಕೇಳಿದಾಗ ಹತ್ತು ವರ್ಷದ ಹಿಂದಿನ ಅರ್ಜಿ ಮತ್ತು ಇಂದಿನ ಹೇಳಿಕೆ ಒಂದಕ್ಕೊಂದು ಹೊಂದುವುದಿಲ್ಲ.

ತೆರಿಗೆಯ ಲೆಕ್ಕವೂ ತಂಡಪ್ಪೇರನ್ನು ನೋಡಿ ನಡೆಯುವುದಿಲ್ಲ. ಕೊಚ್ಚಿಯ ನಿವೇಶನ ಒಂದು ಕೋಟಿ ರೂಪಾಯಿಗೆ ಮಾರಾಟವಾಯಿತೆಂದುಕೊಂಡರೆ ಕಾನೂನಿನ ಕಣ್ಣಿನಲ್ಲಿ ಮಾರಿದವರು ಐವರು. ಪ್ರತಿಯೊಬ್ಬರ ಪ್ರತಿಫಲ 20 ಲಕ್ಷ. ವಾರಸಿನಿಂದ ಬಂದ ಆಸ್ತಿಗೆ ತಂದೆ ಕೊಟ್ಟ ಬೆಲೆಯೇ ಮೂಲಬೆಲೆ. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡದ್ದಾದ್ದರಿಂದ ಆ ದಿನದ ಮಾರುಕಟ್ಟೆ ಬೆಲೆಯನ್ನು ಆಯ್ದುಕೊಳ್ಳಬಹುದು. ಈ ಲಾಭವನ್ನು ಐವರೂ ತಮ್ಮ ತಮ್ಮ ವಿವರಣಪತ್ರದಲ್ಲಿ ತೋರಿಸಬೇಕು, ಮರುಹೂಡಿಕೆಯ ವಿನಾಯಿತಿಯನ್ನೂ ತಮ್ಮ ತಮ್ಮ ಪಾಲಿಗೆ ಕೇಳಬಹುದು. ಒಬ್ಬನೇ ಎಲ್ಲವನ್ನೂ ತನ್ನದೆಂದು ತೋರಿಸಿದರೆ ಅವನು ತನ್ನದಲ್ಲದ ಲಾಭಕ್ಕೆ ತೆರಿಗೆ ಕಟ್ಟುತ್ತಾನೆ, ಉಳಿದ ನಾಲ್ವರ ಲಾಭ ಲೆಕ್ಕಕ್ಕೆ ಬಾರದೆ ಹೋಗುತ್ತದೆ. ಅವರಲ್ಲಿ ಒಬ್ಬಳು ಅನಿವಾಸಿಯಾದರೆ ಅವಳ ಪಾಲಿನ ಮೇಲೆ ಮೂಲದಲ್ಲಿ ತೆರಿಗೆ ಕಡಿತದ ನಿಯಮವೇ ಬೇರೆ. ಅದನ್ನು ಪಾಲಿಸದ ಹೊಣೆ ಕೊಂಡವನ ಕೊರಳಿಗೆ ಬೀಳುತ್ತದೆ. ಉಳಿಸಿದ ಅನುಕೂಲಕ್ಕಿಂತ ಕಟ್ಟುವ ದಂಡ ದೊಡ್ಡದು.

ಈ ನಡವಳಿಕೆಗೆ ಸಂಪ್ರದಾಯದ ಆಸರೆ ಇದೆಯೆನ್ನುವವರು ಇತಿಹಾಸವನ್ನು ತಿರುವಿ ನೋಡಲಿ. 1878ರಲ್ಲಿ ಶಿವಸಿಂಗ್ ರಾಯ್ ವಿರುದ್ಧ ದಾಖೋ ಪ್ರಕರಣದಲ್ಲಿ ಪ್ರಿವಿ ಕೌನ್ಸಿಲ್ ಜೈನರ ರೂಢಿಯನ್ನು ಮನ್ನಿಸಿತು. ಮಕ್ಕಳಿಲ್ಲದ ಜೈನ ವಿಧವೆಗೆ ಗಂಡನ ಸ್ವಯಾರ್ಜಿತ ಆಸ್ತಿಯಲ್ಲಿ ಪೂರ್ಣ ಹಕ್ಕಿದೆ, ಗಂಡನ ಅನುಮತಿಯಿಲ್ಲದೆ ದತ್ತು ಪಡೆಯುವ ಅಧಿಕಾರವಿದೆ ಎಂದು ಅದು ಎತ್ತಿಹಿಡಿಯಿತು. ಅನ್ಯ ಸಮುದಾಯಗಳ ವಿಧವೆಯರು ಜೀವನಾಂಶಕ್ಕಾಗಿ ಬೇಡುತ್ತಿದ್ದ ಕಾಲವದು. ತುಳುನಾಡಿನ ಹಲವು ಜೈನ ಮನೆತನಗಳಲ್ಲಿ ಅಳಿಯಸಂತಾನದ ಕಟ್ಟಿನಂತೆ ಆಸ್ತಿಯ ಹರಿವು ಹೆಣ್ಣಿನ ಮೂಲಕವೇ ಸಾಗುತ್ತಿತ್ತು. ಅಂಥ ಮನೆತನಗಳ ಮೊಮ್ಮಕ್ಕಳು ಇಂದು ತಂಡಪ್ಪೇರಿನಲ್ಲಿ ಅಕ್ಕನ ಹೆಸರಿಗೆ ಜಾಗವಿಲ್ಲವೆನ್ನುತ್ತಾರೆ. ಅಣುವ್ರತಗಳಲ್ಲಿ ಅಚೌರ್ಯವೂ ಒಂದು. ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದೇ ಅದರ ಭಂಗ. ಪರ್ಯುಷಣದಲ್ಲಿ ಕ್ಷಮೆ ಬೇಡುವ ಅಣ್ಣ ಮೊದಲು ವಾರಸುದಾರರ ಪಟ್ಟಿಯನ್ನು ತೆರೆದು ತೋರಿಸಲಿ.

ತಿರುವನಂತಪುರದ ಸರ್ಕಾರದ ಪಾಲಿನ ಹೊಣೆಯೂ ಸಣ್ಣದಲ್ಲ. ವಾರಸಿನ ಅರ್ಜಿಯಲ್ಲಿ ತೀರಿಕೊಂಡವರ ಮಕ್ಕಳೆಷ್ಟು, ಹೆಣ್ಣುಮಕ್ಕಳು ಯಾರು, ಎಲ್ಲಿದ್ದಾರೆ ಎಂಬುದನ್ನು ಬಿಡಿಬಿಡಿಯಾಗಿ ಕೇಳಿ, ಪ್ರತಿಯೊಬ್ಬರಿಗೂ ಅವರ ವಿಳಾಸಕ್ಕೆ ನೇರವಾಗಿ ತಿಳಿವಳಿಕೆ ಕಳುಹಿಸುವುದನ್ನು ಕಡ್ಡಾಯ ಮಾಡಿದರೆ ಅರ್ಧ ಅನ್ಯಾಯ ತಪ್ಪುತ್ತದೆ. ರಾಜ್ಯದಲ್ಲಿ 2022ರಿಂದ ‘ಎಂಡೆ ಭೂಮಿ’ ಡಿಜಿಟಲ್ ಮರುಸರ್ವೆ ನಡೆಯುತ್ತಿದೆ. ಒಂದು ಗ್ರಾಮದ ಕರಡು ದಾಖಲೆ ಪ್ರಕಟವಾದಾಗ ಅದನ್ನು ನೋಡಿ ತಪ್ಪು ತಿಳಿಸಲು ಮಾಲೀಕರಿಗೆ ಅವಕಾಶವಿದೆ. ಅಂತಿಮ ಅಧಿಸೂಚನೆಯಾದ ಮೇಲೆ ಅದೇ ತಿದ್ದುಪಡಿಗೆ ತಾಲೂಕು ಕಚೇರಿಯ ದೀರ್ಘ ದಾರಿ ಹಿಡಿಯಬೇಕು. ಊರಿನಿಂದ ದೂರವಿರುವ ಕುಟುಂಬಗಳು ಕೈತಪ್ಪಿಸಿಕೊಳ್ಳುವುದು ಈ ಅವಕಾಶವನ್ನೇ. ಭಾಷೆಯ ನೆಪವೂ ಪೂರ್ಣವಾಗಿ ನಿಲ್ಲದು. ಕೇರಳದ ಕನ್ನಡ ಅಲ್ಪಸಂಖ್ಯಾತರು ಸಚಿವಾಲಯಕ್ಕೂ ಇಲಾಖಾ ಮುಖ್ಯಸ್ಥರಿಗೂ ಕನ್ನಡದಲ್ಲಿಯೇ ಬರೆದು ಕನ್ನಡದಲ್ಲಿಯೇ ಉತ್ತರ ಪಡೆಯಬಹುದೆಂದು 1969ರ ಕೇರಳ ರಾಜಭಾಷಾ ಕಾಯಿದೆ ಹೇಳುತ್ತದೆ. ಕಾಸರಗೋಡಿನಂತಹ ಭಾಷಾ ಅಲ್ಪಸಂಖ್ಯಾತ ಪ್ರದೇಶಗಳ ಸ್ಥಳೀಯ ಕಚೇರಿಗಳಿಗೂ ಅದು ಅನ್ವಯಿಸುತ್ತದೆ. ಕೊಚ್ಚಿ, ತಿರುವನಂತಪುರದ ವಿಲೇಜ್ ಆಫೀಸುಗಳಲ್ಲಿ ಮಾತ್ರ ಮಲಯಾಳವೋ ಇಂಗ್ಲಿಷೋ ಬೇಕು.

ಅಲ್ಪಸಂಖ್ಯಾತ ಪ್ರಮಾಣಪತ್ರಕ್ಕಾಗಿ, ಜನಗಣತಿಯ ಕಾಲಂನಲ್ಲಿ ಜೈನ್ ಎಂದು ಬರೆಸುವುದಕ್ಕಾಗಿ ಸಮಾಜದ ಸಂಘಟನೆಗಳು ಮಂತ್ರಿಗಳ ಬಾಗಿಲಿಗೆ ಮನವಿ ಹೊತ್ತು ಹೋಗುತ್ತವೆ. ಹೆಸರಿನ ಕೊನೆಯ ಪದಕ್ಕೆ ತೋರಿಸಿದ ಕಾಳಜಿಯಲ್ಲಿ ಒಂದಂಶವನ್ನು ದಾಖಲೆಯಿಂದ ಬಿಟ್ಟುಹೋದ ಹೆಸರುಗಳಿಗೂ ತೋರಿಸಬೇಕು. ಪ್ರತಿ ಜಿಲ್ಲೆಯ ಸಂಘವೂ ತನ್ನ ಸದಸ್ಯ ಕುಟುಂಬಗಳಿಂದ ಮೂರು ಕಾಗದಗಳನ್ನು ಕೇಳಲಿ: ಮೂಲಪತ್ರದ ಪ್ರತಿ, ಇಂದಿನ ತಂಡಪ್ಪೇರಿನ ಪ್ರತಿ, ತೀರಿಕೊಂಡವರ ಎಲ್ಲ ಮಕ್ಕಳ ಪಟ್ಟಿ. ಮೂರನ್ನೂ ಅಕ್ಕಪಕ್ಕ ಇಟ್ಟು ಓದಲು ವಕೀಲರೂ ಬೇಕಿಲ್ಲ, ಲೆಕ್ಕಿಗರೂ ಬೇಕಿಲ್ಲ. ಮೊದಲ ಎರಡರಲ್ಲಿ ಅಕ್ಷರ ಹೊಂದದಿದ್ದರೆ ತಿದ್ದುಪಡಿಯ ಅರ್ಜಿ ಸಾಕು. ಮೂರನೆಯದರಲ್ಲಿ ಇರುವ ಹೆಸರು ಎರಡನೆಯದರಲ್ಲಿ ಇಲ್ಲದಿದ್ದರೆ, ನೋಂದಾಯಿತ ಬಿಡುಗಡೆ ಪತ್ರವೂ ಇಲ್ಲದಿದ್ದರೆ, ಅಲ್ಲಿ ಆಗಿರುವುದು ಕೈತಪ್ಪಲ್ಲ. ಅದಕ್ಕೆ ಕಾರಣರಾದವರು ಬದುಕಿರುವಾಗಲೇ, ಅವರ ಕೈಯಿಂದಲೇ ಹೊಸ ಅರ್ಜಿ ಬರೆಸಬೇಕು.